ಉದ್ರಿ ಪುಸ್ತಕ

ಹಿಂದೂಪುರ
24 ಏಪ್ರಿಲ್ 2025, ಗುರುವಾರ

ನಿನ್ನೆ ಹತ್ತನೇ ತರಗತಿಯ ಫಲಿತಾಂಶ ಬಂತು. ಮೊಮ್ಮಗ ಪವನನಿಗೆ ಆರುನೂರಕ್ಕೆ 412. ನಾನು ಮೇಷ್ಟ್ರಾಗಿದ್ದ ಕಾಲದಲ್ಲಿ ಇಷ್ಟು ಬಂದರೆ ಊರಿಗೆಲ್ಲ ಪೇಡ ಹಂಚುತ್ತಿದ್ದರು. ಈಗ ಅವನಮ್ಮ ಸವಿತಾ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ಪರವಾಗಿಲ್ಲ, ಪಾಸಾಗಿದ್ದಾನೆ."

ರಾತ್ರಿ ಊಟಕ್ಕೆ ಕೂತಾಗ ಹುಡುಗ ತಲೆ ಎತ್ತದೆ ಅಂದ: "ತಾತ, ನಾನು ಐಟಿಐ ಸೇರ್ತೀನಿ. ಎಲೆಕ್ಟ್ರಿಷಿಯನ್. ಎರಡೇ ವರ್ಷ. ಆಮೇಲೆ ಮಂಜು ಮಾಮನ ಹತ್ರ ಹೋಗ್ತೀನಿ."

ಸವಿತಾ ಸಾರಿನ ಸೌಟನ್ನು ಪಾತ್ರೆಗೆ ಕುಕ್ಕಿದಳು. ಅವಳ ಲೆಕ್ಕದಲ್ಲಿ ದಾರಿ ಒಂದೇ: ಇಂಟರ್‌ನಲ್ಲಿ ಎಂಪಿಸಿ, ಆಮೇಲೆ ಎಂಸೆಟ್, ಆಮೇಲೆ ಬಿಟೆಕ್. (ಪರೀಕ್ಷೆಯ ಹೆಸರು ಬದಲಾಗಿ ವರ್ಷಗಳಾದವು. ನಮ್ಮ ಮನೆಯಲ್ಲಿ ಅದು ಇನ್ನೂ ಎಂಸೆಟ್ಟೇ.) "ಕಿರಣ ಬಿಟೆಕ್ ಮಾಡಿ ಹೇಗಿದ್ದಾನೆ ನೋಡು" ಅಂದಳು. "ಮಂಜು ಮಾಮ ಹೇಗಿದ್ದಾನೆ ನೀನೂ ನೋಡು" ಅಂದ ಇವನು. ಇಬ್ಬರೂ ನನ್ನ ಮುಖ ನೋಡಿದರು. ನಾನು ಮಜ್ಜಿಗೆ ಕೇಳಿದೆ.

ಮೂವತ್ತೈದು ವರ್ಷ ಮಡಕಶಿರಾ ಕಡೆಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿ ಎಷ್ಟೋ ತಂದೆಯರಿಗೆ ಬುದ್ಧಿ ಹೇಳಿದವನು ನಾನು. ಎಲ್ಲರಿಗೂ ಒಂದೇ ಮಾತು: "ಓದಿಸಿ." ಆ ಮಾತನ್ನು ಲೆಕ್ಕ ಹಾಕಿ ನೋಡಿದ್ದಿಲ್ಲ. ಈಗ ಹಾಕಬಹುದು. ಮಗ ಕಿರಣ, ತಂಗಿಯ ಮಗ ಮಂಜುನಾಥ, ಇಬ್ಬರ ನಡುವೆ ಒಂದೇ ವರ್ಷದ ಅಂತರ. ಒಬ್ಬನದು ಬಿಟೆಕ್, ಇನ್ನೊಬ್ಬನದು ಐಟಿಐ. ಇಬ್ಬರ ಖರ್ಚುವೆಚ್ಚವೂ ನನ್ನ ಹಳೆಯ ದಿನಚರಿಗಳಲ್ಲಿ ಅಲ್ಲಲ್ಲಿ ಬಿದ್ದಿದೆ.

27 ಏಪ್ರಿಲ್, ಭಾನುವಾರ

ಕಿರಣ ನಿನ್ನೆ ಸಂಜೆಯ ಮೆಮು ರೈಲಿನಲ್ಲಿ ಬೆಂಗಳೂರಿನಿಂದ ಬಂದ. ಬೆಳಿಗ್ಗೆ ಜಗುಲಿಯಲ್ಲಿ ಕೂತು ಇಬ್ಬರೂ ಲೆಕ್ಕ ಬರೆದೆವು. ಮಂಜುವಿನ ಅಂಕಿಗಳನ್ನು ಅವನೇ ಫೋನಿನಲ್ಲಿ ಹೇಳಿದ. ಹೇಳುವಾಗ ಆ ಕಡೆ ಸುತ್ತಿಗೆಯ ಸದ್ದು.

ಮಂಜು 2011ಕ್ಕೆ ಐಟಿಐ ಮುಗಿಸಿದ. ಕಲ್ಯಾಣದುರ್ಗದಲ್ಲಿ ಬೋರಿನ ಮೋಟಾರು ವೈಂಡಿಂಗ್ ಮಾಡುವ ಮೇಸ್ತ್ರಿಯೊಬ್ಬರ ಅಂಗಡಿ ಸೇರಿದ. ಮೊದಲ ವರ್ಷ ತಿಂಗಳಿಗೆ 3,000, ಮರುವರ್ಷ 5,000, ಮೂರನೆಯ ವರ್ಷ 8,000. 2014ರಲ್ಲಿ ಒಂದೂವರೆ ಲಕ್ಷ ಸಾಲ ಮಾಡಿ ತನ್ನದೇ ಅಂಗಡಿ ತೆರೆದ.

ಅದೇ 2011ರಲ್ಲಿ ಕಿರಣ ಬಿಟೆಕ್ ಸೇರಿದ. ಫೀಸು ಸರ್ಕಾರದ ಮರುಪಾವತಿಯಲ್ಲಿ ಹೋಯಿತು. ಹಾಸ್ಟೆಲು, ಪುಸ್ತಕ, ಓಡಾಟ ಅಂತ ನಾಲ್ಕು ವರ್ಷಕ್ಕೆ ನನ್ನ ಕೈಯಿಂದ ಎರಡು ಲಕ್ಷ. 2015ಕ್ಕೆ ಡಿಗ್ರಿ ಕೈಗೆ ಬಂತು, ಕೆಲಸ ಬರಲಿಲ್ಲ. ಹೈದರಾಬಾದಿನ ಅಮೀರ್‌ಪೇಟೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸು, ರೂಮಿನ ಬಾಡಿಗೆ, ಇನ್ನೊಂದು 80,000. 2016ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊದಲ ಸಂಬಳ 15,000. ಅವನು ಓದಿದ್ದು ಎಲೆಕ್ಟ್ರಾನಿಕ್ಸ್, ಕೆಲಸ ಕೊಡಿಸಿದ್ದು ಎಂಟು ತಿಂಗಳ ಅಮೀರ್‌ಪೇಟೆ.

ಕೂಡಿ ಕಳೆದು ನೋಡಿದರೆ 2020ರ ಕೊನೆಯ ಹೊತ್ತಿಗೆ ಮಂಜು ಸುಮಾರು ಎಂಟು ಲಕ್ಷ ಮುಂದಿದ್ದ. ಅಲ್ಲಿಂದ ಗಾಳಿ ತಿರುಗಿತು. ಕಿರಣ ಎರಡು ಸಲ ಕಂಪನಿ ಬದಲಿಸಿದ, ಈಗ ಕೈಗೆ 62,000 ಬರುತ್ತದೆ. ಮಂಜುವಿಗೆ ಫೆಬ್ರವರಿಯಿಂದ ಮೇವರೆಗೆ ನಾಲ್ಕು ತಿಂಗಳು ಖರ್ಚು ಕಳೆದು 65,000ದ ಹತ್ತಿರ, ಮಳೆ ಬಿದ್ದ ಮೇಲೆ ಎಂಟು ತಿಂಗಳು 20,000. ವರ್ಷಕ್ಕೆ ಹರಡಿದರೆ ತಿಂಗಳಿಗೆ 35,000. ಹೀಗಾಗಿ ಹದಿನಾಲ್ಕು ವರ್ಷದ ಒಟ್ಟು ಮೊತ್ತದಲ್ಲಿ ಈ ಬೇಸಿಗೆಗೆ ಇಬ್ಬರೂ ಹೆಚ್ಚು ಕಡಿಮೆ ಸಮ. ಇನ್ನು ಮುಂದೆ ಕಿರಣನೇ ಮುಂದೆ.

"ಬೆಂಗಳೂರಿನ ಬಾಡಿಗೆ, ಊಟ, ಬಸ್ಸು ಇಪ್ಪತ್ತೆರಡು ಸಾವಿರ ಕಳಿ ಅಪ್ಪ" ಅಂದ ಕಿರಣ. ಕಳೆದೆ. 40,000 ಉಳಿಯಿತು. ಸ್ವಂತ ಮನೆಯಲ್ಲಿರುವ ಮಂಜುವಿನ 35,000ದ ಪಕ್ಕ ಅದನ್ನು ಬರೆದಾಗ ಇಬ್ಬರಿಗೂ ನಗು ಬಂತು.

ಆಮೇಲೆ ಅವನೇ ಗಂಭೀರವಾಗಿ ಒಂದು ಮಾತು ಸೇರಿಸಿದ. "ನನ್ನೊಬ್ಬನನ್ನೇ ಬಿಟೆಕ್ ಅಂತ ಲೆಕ್ಕಕ್ಕೆ ತಗೋಬೇಡ. ನಮ್ಮ ರೂಮಿನ ನಾಲ್ವರಲ್ಲಿ ಒಬ್ಬ ನನ್ನ ಮೂರರಷ್ಟು ತಗೋತಾನೆ. ಇನ್ನೊಬ್ಬ ಊರಲ್ಲಿ ಅಪ್ಪನ ಗೊಬ್ಬರದಂಗಡಿ ನೋಡ್ಕೋತಾನೆ. ಮತ್ತೊಬ್ಬ ಐದು ವರ್ಷ ಗ್ರೂಪ್ ಟೂ ಅಂತ ಕೂತ." ನಿಜ. ಮಂಜುವಿನ ಜೊತೆ ಐಟಿಐ ಮುಗಿಸಿದವರಲ್ಲೂ ಕೆಲವರು ಸ್ಕ್ರೂಡ್ರೈವರ್ ಹಿಡಿಯಲೇ ಇಲ್ಲ. ಸರ್ಟಿಫಿಕೇಟು ಇಬ್ಬರಿಗೂ ಬರೀ ಬಾಗಿಲು ತೋರಿಸಿತು. ಒಳಗೆ ಹೋಗಲು ಇವನಿಗೆ ಅಮೀರ್‌ಪೇಟೆ ಬೇಕಾಯಿತು, ಅವನಿಗೆ ಮೇಸ್ತ್ರಿಯ ಹತ್ತಿರ ಮೂರು ವರ್ಷ.

30 ಏಪ್ರಿಲ್, ಬುಧವಾರ

ಪವನ ಇವತ್ತು ಪಾಲಿಸೆಟ್ ಬರೆದು ಬಂದ. ಫಲಿತಾಂಶಕ್ಕೆ ಮುಂಚೆಯೇ ಅವನಪ್ಪ ಅರ್ಜಿ ಹಾಕಿಸಿದ್ದ. "ಇರಲಿ ಅಂತ ಬರೆದೆ" ಅಂದ ಹುಡುಗ.

ಸಂಜೆ ಪಕ್ಕದ ಬೀದಿಯ ಲೈನ್‌ಮನ್ ಹುಡುಗ ಸಿಕ್ಕಿದ್ದ. 2019ರಲ್ಲಿ ಗ್ರಾಮ ಸಚಿವಾಲಯಗಳು ಶುರುವಾದಾಗ ಕೆಲಸಕ್ಕೆ ಸೇರಿದವನು. ಐಟಿಐ ಓದಿದವರು ಸೇರಬಹುದಾದ ಹುದ್ದೆ ಅದು. ಆಯ್ಕೆಯಾಗಲು ಕಂಬ ಹತ್ತಿ ತೋರಿಸಬೇಕಿತ್ತು. ಅದೇ ಸಚಿವಾಲಯಕ್ಕೆ ಡಿಗ್ರಿಯವರನ್ನು ಡಿಜಿಟಲ್ ಅಸಿಸ್ಟೆಂಟ್ ಆಗಿ ತಗೊಂಡರು. ಶುರುವಿನಲ್ಲಿ ಇಬ್ಬರಿಗೂ ಸಂಬಳ ಒಂದೇ, ತಿಂಗಳಿಗೆ 15,000. "ಸಂಬಳ ಒಂದೇ ಇತ್ತು ಸಾರ್" ಅಂದ ಹುಡುಗ, "ಆದ್ರೆ ಜನ ಅವನನ್ನ ಸಾರ್ ಅಂತಾರೆ, ನನ್ನನ್ನ ಏ ಕರೆಂಟು ಅಂತಾರೆ. ಕರೆಂಟು ಹೋದಾಗ ಮಾತ್ರ ಅಣ್ಣಾ."

ಸರ್ಕಾರವೂ ಈ ಅಂತರಕ್ಕೆ ಒಂದು ಬೆಲೆ ಕಟ್ಟಿದೆ. 2019ರ ಅಪ್ರೆಂಟಿಸ್ ನಿಯಮದ ಪ್ರಕಾರ ಐಟಿಐ ಮುಗಿಸಿದವನಿಗೆ ಕನಿಷ್ಠ ಭತ್ಯೆ 7,000, ಡಿಪ್ಲೊಮಾದವನಿಗೆ 8,000, ಪದವೀಧರನಿಗೆ 9,000. ಎರಡು ಸಾವಿರದ ಅಂತರ. ಬೀದಿಯಲ್ಲಿ ಜನ ಇಟ್ಟುಕೊಂಡಿರುವ ಅಂತರ ಅದಕ್ಕಿಂತ ಎಷ್ಟೋ ದೊಡ್ಡದು.

ಕಲ್ಯಾಣದುರ್ಗ
3 ಮೇ, ಶನಿವಾರ

ಪವನನನ್ನು ಕರೆದುಕೊಂಡು ಮಂಜುವಿನ ಮನೆಗೆ ಬಂದಿದ್ದೇನೆ. ಸವಿತಾಳನ್ನು ಒಪ್ಪಿಸಿದ್ದು ಹೀಗೆ: "ಹದಿನೈದು ದಿನ ಅಂಗಡಿಯಲ್ಲಿ ಕೂರಲಿ. ಬಿಸಿಲು ಬಡಿದರೆ ಆಸೆ ತಾನೇ ಇಳಿಯುತ್ತೆ." ಅವಳಿಗೆ ಅದು ಸರಿ ಅನ್ನಿಸಿತು. ನನಗೂ ಅಷ್ಟೇ ಅನ್ನಿಸಿತ್ತು.

ಅಂಗಡಿಯ ಬೋರ್ಡಿನ ಮೇಲೆ ತೆಲುಗಿನಲ್ಲಿ "ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ವರ್ಕ್ಸ್" ಅಂತಿದೆ. ಮದುವೆಗೆ ಹೆಣ್ಣು ನೋಡುವಾಗ ಬರೆಸಿದ್ದಂತೆ. ಅದಕ್ಕೆ ಮುಂಚೆ "ಮೋಟಾರ್ ವೈಂಡಿಂಗ್" ಅಂತಲೇ ಇತ್ತು, ಮೂರು ಕಡೆ ಸಂಬಂಧ ತಪ್ಪಿತ್ತು. ನಾಲ್ಕನೆಯವರು ಬೋರ್ಡು ನೋಡಿ ಹೆಣ್ಣು ಕೊಟ್ಟರು ಅಂತ ಅವನ ಹೆಂಡತಿಯೇ ನಗುತ್ತಾ ಹೇಳಿದಳು.

ಮಧ್ಯಾಹ್ನ ಕುಂದುರ್ಪಿ ಕಡೆಯ ರೈತರೊಬ್ಬರು ಟೆಂಪೋದಲ್ಲಿ ಏಳೂವರೆ ಎಚ್‌ಪಿ ಮೋಟಾರು ತಂದಿಳಿಸಿದರು. ಆರುನೂರು ಅಡಿ ಬೋರು, ಇಪ್ಪತ್ತು ಅಡಿಯ ಮೂವತ್ತು ಪೈಪು ಕಳಚಿ ಮೇಲೆತ್ತಿದ್ದು. ಕೋಪದಲ್ಲಿದ್ದರು. "ಏನಯ್ಯಾ, ಹೋದ ವರ್ಷ ತಾನೇ ಕಟ್ಟಿಕೊಟ್ಟೆ? ಮತ್ತೆ ಸುಟ್ಟೈತೆ. ದಾಳಿಂಬೆ ಒಣಗ್ತೈತೆ ಅಲ್ಲಿ."

ಮಂಜು ಉತ್ತರ ಕೊಡಲಿಲ್ಲ. ಮೋಟಾರಿನೊಳಗಿನ ನೀರನ್ನು ಬಕೆಟ್ಟಿಗೆ ಬಗ್ಗಿಸಿದ. ಕಪ್ಪು ನೀರು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮೆಗ್ಗರಿನ ಒಂದು ತುದಿಯನ್ನು ವೈರಿಗೆ, ಇನ್ನೊಂದನ್ನು ಬಾಡಿಗೆ ಹಿಡಿದ. ಮುಳ್ಳು ಸೊನ್ನೆಗೆ ಬಿತ್ತು: ತಂತಿಯ ಹೊದಿಕೆ ಹೋಗಿ ಕರೆಂಟು ಬಾಡಿಗೆ ತಾಗಿದೆ. ಬಿಚ್ಚಿ ಪವನನನ್ನು ಹತ್ತಿರ ಕರೆದ.

"ಎಲ್ಲಾ ಸುರುಳಿ ನೋಡು. ಏನು ಕಾಣುತ್ತೆ?"

"ಕೆಲವು ಕಪ್ಪಗಿದೆ. ಕೆಲವು ಹೊಸದರ ಹಾಗೇ ಇದೆ."

"ಎಣಿಸು."

ಮೂರು ಫೇಸಿನಲ್ಲಿ ಎರಡರ ಸುರುಳಿ ಪೂರ್ತಿ ಕಪ್ಪು, ಮೂರನೆಯದು ಮಿರಮಿರ. ಮಂಜು ಆಗ ರೈತರ ಕಡೆ ತಿರುಗಿದ. "ಯಜಮಾನ್ರೇ, ನನ್ನ ವೈಂಡಿಂಗ್ ಕೆಟ್ಟಿದ್ದರೆ ಒಂದು ಕಡೆ ಚುಕ್ಕಿಯ ಹಾಗೆ ಸುಡ್ತಿತ್ತು. ಲೋಡು ಜಾಸ್ತಿಯಾಗಿದ್ದರೆ, ವೋಲ್ಟೇಜು ಕಮ್ಮಿಯಾಗಿದ್ದರೆ ಎಲ್ಲಾ ಸುರುಳಿ ಒಂದೇ ಸಮ ಕಪ್ಪಾಗ್ತಿತ್ತು. ಇದು ಸ್ಟಾರ್ ಜೋಡಣೆಯ ಮೋಟಾರು. ಒಂದು ಲೈನು ತಪ್ಪಿದ್ರೆ ಉಳಿದ ಎರಡರ ಮೇಲೇ ಭಾರ ಬಿದ್ದು ಆ ಎರಡೇ ಸುಡ್ತವೆ. ನಿಮಗೆ ಮೂರರಲ್ಲಿ ಒಂದು ಫೇಸು ಹೋಗಿತ್ತು, ಮೋಟಾರು ಹಾಗೇ ಓಡಿದೆ. ಸ್ಟಾರ್ಟರ್‌ನಲ್ಲಿ ಅದನ್ನ ತಡೆಯೋ ರಿಲೇ ಇರಬೇಕಲ್ಲ?"

ರೈತರು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಪದೇಪದೇ ಬೀಳ್ತಿತ್ತು ಅಂತ ತೆಗೆಸಿಬಿಟ್ಟೆ."

ಇಲ್ಲಿ ಕೃಷಿಗೆ ಹಗಲು ಒಂಬತ್ತು ಗಂಟೆ ಉಚಿತ ಕರೆಂಟು. ಬಂದ ಕ್ಷಣಕ್ಕೆ ಒಂದು ಟ್ರಾನ್ಸ್‌ಫಾರ್ಮರಿನ ಕೆಳಗಿನ ಮೋಟಾರುಗಳೆಲ್ಲ ಒಟ್ಟಿಗೆ ಏಳುತ್ತವೆ, ವೋಲ್ಟೇಜು ಕುಸಿಯುತ್ತದೆ, ಫ್ಯೂಸು ಹಾರುತ್ತದೆ. ರಿಲೇ ಮೋಟಾರನ್ನು ನಿಲ್ಲಿಸುತ್ತದೆ, ರೈತನಿಗೆ ನೀರು ಬೇಕು, ರಿಲೇ ಕಿತ್ತು ಹಾಕುತ್ತಾನೆ. ಬೇಸಿಗೆಯಲ್ಲಿ ಮಂಜುವಿನ ಗಿರಾಕಿಗಳಲ್ಲಿ ಅರ್ಧ ಜನ ಬರುವುದು ಈ ದಾರಿಯಲ್ಲೇ ಅಂತೆ.

ಹೋಗುವಾಗ ರೈತರ ಬಾಯಲ್ಲಿ "ಏನಯ್ಯಾ" ಇರಲಿಲ್ಲ. "ಮಂಜಣ್ಣಾ, ನಾಡಿದ್ದು ಸಿಗಬಹುದಾ?" ಅಂದರು.

4 ಮೇ, ಭಾನುವಾರ

ಅಂಗಡಿಗೆ ಭಾನುವಾರವಿಲ್ಲ. ಬೆಳಿಗ್ಗೆಯಿಂದ ಅದೇ ಮೋಟಾರು.

ಸುಟ್ಟ ತಂತಿ ಕತ್ತರಿಸಿ ಎಳೆಯುವ ಮೊದಲು ಮಂಜು ಒಂದು ಎಣ್ಣೆ ಜಿಡ್ಡಿನ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡ: ಒಟ್ಟು ಎಷ್ಟು ಸ್ಲಾಟು, ಒಂದೊಂದರಲ್ಲಿ ಎಷ್ಟು ಸುತ್ತು, ತಂತಿಯ ಗೇಜು ಎಷ್ಟು, ಯಾವ ತುದಿ ಯಾವುದಕ್ಕೆ. ಹದಿನಾಲ್ಕು ವರ್ಷದ ಇಂಥ ಏಳು ನೋಟ್‌ಬುಕ್ಕು ಕಪಾಟಿನಲ್ಲಿವೆ. ಸುತ್ತು ಕಡಿಮೆ ಹಾಕಿ, ಸಣ್ಣ ಗೇಜಿನ ತಂತಿ ಸೇರಿಸಿದರೆ ಒಂದು ಮೋಟಾರಿಗೆ ಅರ್ಧ ಕಿಲೋ ತಾಮ್ರ ಉಳಿಯುತ್ತದೆ. ಅಂಗಡಿಯಲ್ಲಿ ತಿರುಗಿಸಿ ತೋರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ, ಆರುನೂರು ಅಡಿ ಕೆಳಗೆ ಲೋಡು ಬಿದ್ದಾಗ ಕಾದು ಸುಡುತ್ತದೆ.

ಇದು ನೀರಿನಲ್ಲೇ ಮುಳುಗಿರುವ ಮೋಟಾರು, ಹಾಗಾಗಿ ತಂತಿಯ ಮೇಲೆ ಪ್ಲಾಸ್ಟಿಕ್ ಹೊದಿಕೆ. ಸುರುಳಿಯನ್ನು ಹೊರಗೆ ಸುತ್ತಿ ಒಳಗೆ ಕೂರಿಸಲು ಆಗುವುದಿಲ್ಲ. ಸ್ಲಾಟಿನ ಬಾಯಿ ಕಿರಿದು, ಒಂದೊಂದೇ ಸುತ್ತನ್ನು ಸೂಜಿಗೆ ದಾರ ಪೋಣಿಸಿದಂತೆ ಈ ತುದಿಯಿಂದ ಆ ತುದಿಗೆ ತೂರಿಸಬೇಕು. ಇಬ್ಬರು ಬೇಕು: ಒಬ್ಬ ನೂಕಬೇಕು, ಇನ್ನೊಬ್ಬ ಎಳೆಯಬೇಕು. ಕಬ್ಬಿಣದ ಅಂಚಿಗೆ ಒಂದು ಕಡೆ ಹೊದಿಕೆ ಗೀರಿದರೂ ಮುಗಿಯಿತು. ಸಹಾಯಕನ ಜಾಗದಲ್ಲಿ ಪವನ ಕೂತ. ಗಂಟೆಯೊಳಗೆ ಎರಡು ಸಲ ಬೈಸಿಕೊಂಡ. ಮೂರನೆಯ ಸಲ ತಾನೇ ನಿಲ್ಲಿಸಿ, "ಮಾಮ, ಇಲ್ಲಿ ಗೀರಿದೆ ಅನ್ನಿಸುತ್ತೆ" ಅಂದ. ಮಂಜು ಆ ತಂತಿ ಪೂರ್ತಿ ಹೊರಗೆಳೆದು ಎಸೆದ. ಬೈಯಲಿಲ್ಲ.

ಸಂಜೆ ಲೆಕ್ಕ ಕೇಳಿದೆ. ತಂತಿ ನಾಲ್ಕೂವರೆ ಕಿಲೋ, 4,500 ರೂಪಾಯಿ. ಬುಷ್, ಥ್ರಸ್ಟ್ ಬೇರಿಂಗ್, ಸೀಲು 1,200. ರೈತರಿಗೆ ಹೇಳಿದ್ದು 8,500. ಉಳಿದ 2,800ರಲ್ಲಿ ಸಹಾಯಕನ ಕೂಲಿ, ಬಾಡಿಗೆ, ಕರೆಂಟು ಕಳೆದರೆ ಮಂಜುವಿಗೆ 1,700. ಕೆಲಸ ಮುಗಿದ ಮೇಲೆ ಒಂದು ರಾತ್ರಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಮತ್ತೆ ಮೆಗ್ಗರ್ ಹಿಡಿಯಬೇಕು. ಆಗಲೂ ಮುಳ್ಳು ಮೇಲಿದ್ದರೆ ಸರಿ, ಇಲ್ಲದಿದ್ದರೆ ಪೂರ್ತಿ ಬಿಚ್ಚಬೇಕು, ಎರಡನೆಯ ಸಲದ್ದು ಅವನದೇ ಖರ್ಚು.

"ನಿನ್ನ ಸಂಪಾದನೆ ಇನ್ನೂ ಬೆಳೆಯೋದು ಹೇಗೆ?" ಅಂದೆ.

"ಕೈ ಎರಡೇ ಮಾವ. ಬೇಸಿಗೆಯಲ್ಲೂ ದಿನಕ್ಕೆ ಎರಡು ಮೋಟಾರಿನ ಮೇಲೆ ಆಗಲ್ಲ. ಹುಡುಗರನ್ನ ಇಟ್ಟುಕೊಂಡರೆ ಮೂರು ವರ್ಷಕ್ಕೆ ಕಲಿತು ಎದುರುಗಡೆನೇ ಅಂಗಡಿ ಹಾಕ್ತಾರೆ. ನಾನೂ ಹಾಗೇ ಮಾಡಿದ್ದು." ಹೊಸ ಮೋಟಾರಿನ ಡೀಲರ್‌ಶಿಪ್ಪಿಗೆ ಬಂಡವಾಳ ಬೇಕು. ಸೋಲಾರ್ ಪಂಪಿನ ಕಂಟ್ರೋಲರ್ ರಿಪೇರಿಗೆ ಒಳ್ಳೆ ದುಡ್ಡು ಇದೆ, ಆದರೆ ಅದರೊಳಗಿನ ಬೋರ್ಡು ಇವನಿಗೆ ಅರ್ಥವಾಗುವುದಿಲ್ಲ. ಕಿರಣನಿಗೆ ವಿಡಿಯೋ ಕಾಲ್ ಮಾಡಿ ಒಂದು ಸಲ ತೋರಿಸಿದ್ದನಂತೆ. "ಅದನ್ನ ಓದಿದ್ದೆ, ಮರೆತೆ" ಅಂದನಂತೆ ಅವನು.

ರಾತ್ರಿ ಉದ್ದನೆಯ ಪುಸ್ತಕವೊಂದನ್ನು ನನ್ನ ಮುಂದಿಟ್ಟ. ಉದ್ರಿ ಪುಸ್ತಕ. ಬೆಳೆ ಬಂದ ಮೇಲೆ ಕೊಡುತ್ತೇವೆ ಅಂದವರ ಹೆಸರುಗಳು, ಊರೂರಿನವು. ಒಟ್ಟು 2,85,000. "ಇದರಲ್ಲಿ ಐವತ್ತು ಸಾವಿರದ ಮೇಲೆ ನಾನು ನೀರು ಬಿಟ್ಟಾಯ್ತು. ಮಳೆ ಬರದ ವರ್ಷ ಹೋಗಿ ಕೇಳೋಕೆ ಮನಸ್ಸು ಬರಲ್ಲ." ಕಿರಣನ ಸಂಬಳ ಒಂದನೇ ತಾರೀಖು ಬರುತ್ತದೆ. ಪಿಎಫ್ ತಾನಾಗಿಯೇ ಸೇರುತ್ತದೆ. ಮೋಟಾರು ಎತ್ತಿ ಎತ್ತಿ ಮಂಜುವಿನ ಸೊಂಟ ಈಗಲೇ ಹಿಡಿಯುತ್ತದೆ. ಹಾಸಿಗೆ ಹಿಡಿದ ದಿನ ಅಂಗಡಿಯೂ ಮಲಗುತ್ತದೆ. ಮೊನ್ನೆ ಜಗುಲಿಯ ಮೇಲೆ ಬರೆದ ಲೆಕ್ಕದಲ್ಲಿ ಈ ಪುಸ್ತಕವೂ ಇರಲಿಲ್ಲ, ಆ ಸೊಂಟವೂ ಇರಲಿಲ್ಲ.

ನಿದ್ದೆ ಬಾರದೆ ಇದನ್ನು ಬರೆಯುತ್ತಿದ್ದೇನೆ. ನಿನ್ನೆಯ ರೈತರನ್ನು ನೆನೆದರೆ ಒಂದು ವಿಷಯ ಹೊಳೆಯುತ್ತದೆ. ಕಿರಣನಿಗೆ ಮರ್ಯಾದೆ ಮುಂಗಡವಾಗಿ ಸಿಗುತ್ತದೆ. ಅವನ ಕೆಲಸ ಏನೆಂದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ, ಬಿಟೆಕ್ ಅನ್ನುವ ಒಂದು ಶಬ್ದಕ್ಕೆ ಕುರ್ಚಿ ಎಳೆದು ಕೊಡುತ್ತಾರೆ, ಯಾವ ಊರಿಗೆ ಹೋದರೂ ಅದು ಜೊತೆಗೆ ಹೋಗುತ್ತದೆ. ಮಂಜುವಿಗೆ ಮರ್ಯಾದೆಯೂ ಉದ್ರಿಯೇ. ಮೊದಲು "ಏನಯ್ಯಾ", ಮೋಟಾರು ಬಿಚ್ಚಿ ತೋರಿಸಿದ ಮೇಲೆ "ಅಣ್ಣಾ". ಅದೂ ಕಲ್ಯಾಣದುರ್ಗದ ಸುತ್ತಿನಲ್ಲಿ ಮಾತ್ರ. ಹಿಂದೂಪುರಕ್ಕೆ ಬಂದರೆ ಮತ್ತೆ ಮೊದಲಿನಿಂದ.

"ನಿನ್ನ ಮಗಳನ್ನ ಏನು ಓದಿಸ್ತೀಯ?" ಅಂತ ಮಲಗುವ ಮುಂಚೆ ಕೇಳಿದ್ದೆ. ಅವಳಿಗೆ ಇನ್ನೂ ನಾಲ್ಕು ವರ್ಷ. ಮಂಜು ಯೋಚಿಸಲೇ ಇಲ್ಲ. "ಬಿಟೆಕ್ ಮಾವ."

ಹಿಂದೂಪುರ
16 ಮೇ, ಶುಕ್ರವಾರ

ಪವನ ನಿನ್ನೆ ರಾತ್ರಿ ವಾಪಸು ಬಂದ. ಕಪ್ಪಾಗಿದ್ದಾನೆ, ಬೆರಳ ತುದಿಗಳಲ್ಲಿ ತಂತಿಯ ಗೀರು. ಸವಿತಾ ಕೈ ಹಿಡಿದು ನೋಡಿ ಮುಖ ತಿರುಗಿಸಿದಳು. ಆಸೆ ಇಳಿದಿಲ್ಲ. ಆದರೆ ಮಾತು ಬದಲಾಗಿದೆ.

"ತಾತ, ಸುತ್ತೋದು ಬಂತು ಅನ್ನಿಸುತ್ತೆ. ಇಷ್ಟೇ ಗೇಜು ಯಾಕೆ, ಇಷ್ಟೇ ಸುತ್ತು ಯಾಕೆ ಅಂತ ಮಾಮನನ್ನ ಕೇಳಿದೆ. ಮೇಸ್ತ್ರಿ ಹಾಗೆ ಹಾಕ್ತಿದ್ದರು ಅಂದ. ಆ ಸೋಲಾರ್ ಪೆಟ್ಟಿಗೆಯೂ ಅವನಿಗೆ ಗೊತ್ತಿಲ್ಲ."

ಪಾಲಿಸೆಟ್ ರ್‍ಯಾಂಕು ಬಂದಿದೆ, ಹೇಳಿಕೊಳ್ಳುವಂಥದ್ದಲ್ಲ, ಎಲೆಕ್ಟ್ರಿಕಲ್ ಸೀಟು ಎಲ್ಲಾದರೂ ಸಿಗಬಹುದು. ಮೂರು ವರ್ಷದ ಡಿಪ್ಲೊಮಾ. ಮುಗಿದ ಮೇಲೆ ಈಸೆಟ್ ಬರೆದು ಪಾಸಾದರೆ ಬಿಟೆಕ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ಇಂಟರ್ ಮೇಲೆ ಹೋದವನಿಗೂ ಹತ್ತರ ನಂತರ ಆರು ವರ್ಷ, ಈ ದಾರಿಯಲ್ಲೂ ಆರೇ ವರ್ಷ. ನಡುವೆ ಬಿಟ್ಟರೂ ಕೈಯಲ್ಲಿ ಡಿಪ್ಲೊಮಾ ಇರುತ್ತದೆ. ಇಂಟರ್ ಮುಗಿಸಿ ಬಿಟ್ಟವನ ಕೈಯಲ್ಲಿ ಇರುವುದು ಇಂಟರ್ ಮಾತ್ರ. ಇದನ್ನು ಹೇಳಿದಾಗ ಸವಿತಾ ಬೆರಳು ಮಡಚಿ ಎಣಿಸಿದಳು. "ಕೊನೆಗೆ ಬಿಟೆಕ್ ಆಗುತ್ತಾ?" ಅಂದಳು. "ಬರೆದು ಪಾಸಾದರೆ ಆಗುತ್ತೆ" ಅಂದೆ. "ಹಾಗಾದರೆ ಸರಿ." ರಜೆಯಲ್ಲೆಲ್ಲ ಕಲ್ಯಾಣದುರ್ಗಕ್ಕೆ ಹೋಗುತ್ತೇನೆ ಅಂತ ಇವನು ಸೇರಿಸಿದ್ದು ಅವಳ ಕಿವಿಗೆ ಬಿತ್ತೋ ಇಲ್ಲವೋ.

ಆಮೇಲೆ ಜೇಬಿನಿಂದ ಮಡಚಿದ ನೋಟುಗಳನ್ನು ತೆಗೆದು ನನ್ನ ಕೈಗಿಟ್ಟ. ಎರಡು ಸಾವಿರ, ಮೊದಲ ಸಂಪಾದನೆ. "ಮೂರು ಸಾವಿರ ಅಂದಿದ್ದ ಮಾಮ."

"ಇನ್ನೊಂದು ಸಾವಿರ?"

"ಪುಸ್ತಕದಲ್ಲಿ ಬರೆದುಕೊಂಡ ತಾತ. ಕುಂದುರ್ಪಿಯವರು ಕೊಟ್ಟ ಮೇಲೆ ಕೊಡ್ತಾನಂತೆ."